ಒಬ್ಬರೇ ಕೂತು ಮಾತಾಡುವ ವಿಡಿಯೊ: ಜಂಪ್ ಕಟ್ ಮುಚ್ಚುವ ಶಾಟ್‌ಗಳನ್ನು ಮೊದಲೇ ಲೆಕ್ಕ ಹಾಕಿಕೊಳ್ಳುವುದು ಹೇಗೆ

ಬಳೇಪೇಟೆಯ ಒಂದು ಸಂದಿಯಲ್ಲಿ ಮೃದಂಗ, ತಬಲ ರಿಪೇರಿ ಮಾಡುವ ಹಿರಿಯರೊಬ್ಬರಿದ್ದಾರೆ. ನಾವೆಲ್ಲ ಅವರನ್ನು ಯಜಮಾನರು ಅಂತಲೇ ಕರೆಯುವುದು. ಅವರ ಕೆಲಸದ ಬಗ್ಗೆ ಆರು ನಿಮಿಷದ ವಿಡಿಯೊ ಮಾಡೋಣ ಅಂತ ನಾನು, ನನ್ನ ಗೆಳೆಯ ಇಬ್ಬರೂ ಹೋದೆವು. ಕುರ್ಚಿ ಹಾಕಿ ಕೂರಿಸಿದೆವು, 42 ನಿಮಿಷ ಮಾತು ರೆಕಾರ್ಡ್ ಆಯಿತು. ಆಮೇಲೆ ಅಂಗಡಿಯೊಳಗೆ ಅಲ್ಲೊಂದು ಇಲ್ಲೊಂದು ಅಂತ ಹನ್ನೊಂದು ಶಾಟ್ ತೆಗೆದು, ಅವರೇ ತರಿಸಿದ ಬೈಟು ಕಾಫಿ ಕುಡಿದು, ಭಾರಿ ಖುಷಿಯಲ್ಲಿ ಮನೆಗೆ ಬಂದೆವು.

ಎಡಿಟ್‌ಗೆ ಕೂತಾಗ ಖುಷಿಯೆಲ್ಲ ಇಳಿಯಿತು. 42 ನಿಮಿಷವನ್ನು ಆರಕ್ಕೆ ಇಳಿಸಬೇಕೆಂದರೆ ಕತ್ತರಿ ಆಡಿಸಲೇಬೇಕು. ಕತ್ತರಿಸಿದ ಕಡೆಯೆಲ್ಲ ಯಜಮಾನರ ತಲೆ ಎಡಕ್ಕಿದ್ದದ್ದು ಫಕ್ಕನೆ ಬಲಕ್ಕೆ ಹಾರುತ್ತಿತ್ತು, ಮೂಗಿನ ಮೇಲಿದ್ದ ಕನ್ನಡಕ ಮರುಕ್ಷಣ ಕೈಗೆ ಬಂದಿರುತ್ತಿತ್ತು. ಜಂಪ್ ಕಟ್ ಅನ್ನುವುದು ಇದಕ್ಕೇ. ಮುಚ್ಚೋಣ ಅಂದರೆ ಕೈಯಲ್ಲಿದ್ದದ್ದು ಬೋರ್ಡಿನ ಶಾಟ್, ಬೀದಿಯ ಶಾಟ್, ಸಾಲಾಗಿಟ್ಟ ತಬಲಗಳ ಮೇಲೆ ನಿಧಾನಕ್ಕೆ ಎಡದಿಂದ ಬಲಕ್ಕೆ ಹೋಗುವ ಮೂರು ಶಾಟ್. ಅವರು ಹೇಳುತ್ತಿರುವುದಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ವಾರ ಬಿಟ್ಟು ಮತ್ತೆ ಹೋದೆ. ಮಾತಿನಲ್ಲಿ ಬಂದಿದ್ದ ಮೃದಂಗವನ್ನು ಗಿರಾಕಿ ತೆಗೆದುಕೊಂಡು ಹೋಗಿಯಾಗಿತ್ತು, ಇವರು ಬೇರೆ ಶರ್ಟಿನಲ್ಲಿದ್ದರು. ಕೊನೆಗೆ ಅವರನ್ನೇ ಕಾಡಿಬೇಡಿ, ಮಾತಿನಿಂದಲೇ ಮತ್ತೆ ಶುರು ಮಾಡಿದೆವು. ಕೆಳಗೆ ಬರೆದಿರುವುದು ಆ ಎರಡನೇ ಸಲ ಹೇಗೆ ಮಾಡಿದೆವು ಅನ್ನುವುದು.

ಮೊದಲು ಒಂದು ಲೆಕ್ಕ

ಜಂಪ್ ಕಟ್ ಕಣ್ಣಿಗೆ ಚುಚ್ಚುವುದು ಯಾಕೆ ಅಂದರೆ, ಎರಡೂ ಕಡೆಯ ಫ್ರೇಮ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅದೇ ಗೋಡೆ, ಅದೇ ಕುರ್ಚಿ, ಮುಖ ಅಷ್ಟೇ ದೊಡ್ಡದು. ಹಾಗಾಗಿ ಕಣ್ಣು ಅದನ್ನು ಹೊಸ ಶಾಟ್ ಅಂತ ಒಪ್ಪುವುದಿಲ್ಲ, ಇದ್ದ ಶಾಟೇ ಮುರಿದುಹೋಯಿತು ಅಂದುಕೊಳ್ಳುತ್ತದೆ. ಮಧ್ಯೆ ಬೇರೆ ಚಿತ್ರ ಬಂದರೆ, ಅಥವಾ ಮುಖದ ಅಳತೆ ಎದ್ದು ಕಾಣುವಷ್ಟು ಬದಲಾದರೆ, ಈ ತೊಂದರೆ ಇಲ್ಲ. ನಾವು ಬಿ-ರೋಲ್ ಅನ್ನುವುದು ಆ ಮಧ್ಯದ ಚಿತ್ರಕ್ಕೇ. ಹದಿನಾರು ಎಂಎಂ ಫಿಲ್ಮ್ ಕಾಲದಲ್ಲಿ ಶಾಟ್‌ಗಳನ್ನು ಎ, ಬಿ ಅಂತ ಎರಡು ಸುರುಳಿಗಳಿಗೆ ಒಂದು ಬಿಟ್ಟು ಒಂದರಂತೆ ಹಂಚಿ ಪ್ರಿಂಟ್ ಹಾಕುತ್ತಿದ್ದರು, ಅಂಟಿಸಿದ ಗೆರೆ ತೆರೆ ಮೇಲೆ ಕಾಣಬಾರದು ಅಂತ. ಹೆಸರು ಬಂದಿರುವುದು ಅಲ್ಲಿಂದ.

ಎಲ್ಲ ಕಟ್‌ಗಳನ್ನೂ ಬಿ-ರೋಲ್‌ನಿಂದಲೇ ಮುಚ್ಚಬೇಕು ಅಂದುಕೊಂಡರೆ ಶೂಟ್ ದಿನ ಸೋತುಹೋಗುತ್ತೀರಿ. ನಮ್ಮ ಎರಡನೇ ರೆಕಾರ್ಡಿಂಗ್ 38 ನಿಮಿಷ ಬಂತು. ಅದನ್ನು ಆರು ನಿಮಿಷಕ್ಕೆ ಇಳಿಸಿದಾಗ 26 ಕಟ್ ಆದವು. ಅದರಲ್ಲಿ ಐದು ಕಡೆ ವಿಷಯವೇ ಬದಲಾಗುತ್ತಿತ್ತು, ಅಲ್ಲಿ ಅಂಗಡಿಯ ಒಂದು ಶಾಟ್ ಇಟ್ಟು ಎರಡು ಸೆಕೆಂಡು ಉಸಿರು ಬಿಟ್ಟರೆ ಸಾಕಾಯಿತು. ಏಳು ಕಡೆ ಮುಖವನ್ನು ಸ್ವಲ್ಪ ಹತ್ತಿರಕ್ಕೆ ತಂದರೆ ಕೆಲಸ ಮುಗಿಯಿತು. ಉಳಿದದ್ದು 14. ಈ ಹದಿನಾಲ್ಕೂ ಬಿಡಿಬಿಡಿಯಾಗಿರಲಿಲ್ಲ, ಐದು ಗುಂಪುಗಳಾಗಿ ಒಟ್ಟೊಟ್ಟಿಗೆ ಬಂದಿದ್ದವು. ಅವರು ಕೆಲಸದ ವಿಧಾನ ವಿವರಿಸುವ ಕಡೆ ತೊದಲು, ಮರುಹೇಳಿಕೆ ಎಲ್ಲ ಜಾಸ್ತಿ, ಅಲ್ಲಿ ಕಟ್ ಮೇಲೆ ಕಟ್. ಅಪ್ಪನ ನೆನಪು ಹೇಳುವಾಗ ಮಾತ್ರ ನೀರು ಕುಡಿದ ಹಾಗೆ ಹೇಳುತ್ತಾರೆ, ಅಲ್ಲಿ ಕತ್ತರಿಗೆ ಕೆಲಸ ತೀರಾ ಕಡಿಮೆ.

ಇದು ನಮಗೆ ಅನುಕೂಲವಾದ ವಿಷಯವೇ. ಯಾರಾದರೂ ಕೆಲಸದ ವಿಧಾನ ವಿವರಿಸುತ್ತಿದ್ದಾರೆ ಅಂದರೆ ಅಲ್ಲಿ ತೋರಿಸೋಕೆ ಆ ಕೆಲಸವೇ ಇರುತ್ತದೆ, ಅಲ್ವಾ?

ಅಳತೆ ಹೀಗೆ ಹಾಕಿಕೊಂಡೆವು. ಐದು ಗುಂಪುಗಳಿಗೆ ಒಟ್ಟು 140 ಸೆಕೆಂಡಿನಷ್ಟು ಮುಚ್ಚುವ ಶಾಟ್ ಬೇಕಾಗಬಹುದು. ಒಂದು ಶಾಟ್ ತೆರೆ ಮೇಲೆ ಸುಮಾರು ನಾಲ್ಕು ಸೆಕೆಂಡು ನಿಂತರೆ 35 ಶಾಟ್. ತೆಗೆದದ್ದರಲ್ಲಿ ಅರ್ಧ ಒಂದಲ್ಲ ಒಂದು ಕಾರಣಕ್ಕೆ ಬಿದ್ದುಹೋಗುತ್ತದೆ, ಹಾಗಾಗಿ 70 ತೆಗೆಯಬೇಕು. ಹತ್ತು ಹನ್ನೆರಡು ಸೆಕೆಂಡಿನ 70 ಶಾಟ್ ಅಂದರೆ ಫುಟೇಜ್ ಹದಿನೈದು ನಿಮಿಷವೂ ಆಗುವುದಿಲ್ಲ, ಆದರೆ ಟ್ರೈಪಾಡ್ ಎತ್ತಿಟ್ಟು, ಫೋಕಸ್ ನೋಡಿ ತೆಗೆಯುವಷ್ಟರಲ್ಲಿ ಎರಡೂವರೆ ಗಂಟೆ ಹಿಡಿಯಿತು. ಮೊದಲ ಸಲ ನಾನು ಅದಕ್ಕೆ ಕೊಟ್ಟಿದ್ದ ಸಮಯ ಇಪ್ಪತ್ತು ನಿಮಿಷ.

ಹೋಗುವ ಮುಂಚೆ: ಕ್ರಿಯಾಪದಗಳ ಪಟ್ಟಿ

ಕಟ್ ಎಲ್ಲಿ ಬೀಳುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ, ನಿಜ. ಆದರೆ ಅವರು ಯಾವ ಕೆಲಸದ ಬಗ್ಗೆ ಮಾತಾಡುತ್ತಾರೆ ಅಂತ ಗೊತ್ತು ಮಾಡಿಕೊಳ್ಳಬಹುದು. ಎರಡು ದಿನ ಮುಂಚೆ ಫೋನ್ ಮಾಡಿ, ಇಲ್ಲವೇ ಅಂಗಡಿಗೇ ಹೋಗಿ, ಒಂದು ಇಪ್ಪತ್ತು ನಿಮಿಷ ಹರಟೆ ಹೊಡೆಯಿರಿ. ಇಲ್ಲಿ ಒಂದು ಎಚ್ಚರ ಬೇಕು: ಕ್ಯಾಮೆರಾ ಮುಂದೆ ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಕೇಳಬೇಡಿ. ಕೇಳಿದರೆ ಒಳ್ಳೆಯ ಉತ್ತರವನ್ನು ಇಲ್ಲೇ ಕೊಟ್ಟುಬಿಡುತ್ತಾರೆ, ಶೂಟ್ ದಿನ “ಅದೇ, ಅವತ್ತು ಹೇಳಿದ್ನಲ್ಲ ಸಾರ್” ಅನ್ನುತ್ತಾರೆ. ಸುಮ್ನೆ, ಬೆಳಿಗ್ಗೆ ಬಂದಮೇಲೆ ಮೊದಲು ಏನು ಮಾಡ್ತೀರಿ, ಈಗ ಕೈಯಲ್ಲಿ ಯಾವ ಕೆಲಸ ಇದೆ, ಅದು ಯಾವಾಗ ಮುಗಿಯುತ್ತೆ, ಇಷ್ಟೇ ಕೇಳಿ. ಅವರು ಹೇಳುವಾಗ ಬರೆದುಕೊಳ್ಳಬೇಕಾದ್ದು ಕ್ರಿಯಾಪದಗಳನ್ನು. ಕೆರೆಯುವುದು, ಕಲಸುವುದು, ಹಚ್ಚುವುದು, ಉಜ್ಜುವುದು, ಒಣಗಿಸುವುದು, ಬಾರು ಎಳೆಯುವುದು, ಅಂಚಿಗೆ ಏಟು ಹಾಕಿ ಶ್ರುತಿ ಕೂಡಿಸುವುದು. ಮೊದಲ ಸಲ ನನ್ನ ಪಟ್ಟಿಯಲ್ಲಿ ಬರೀ ನಾಮಪದಗಳಿದ್ದವು: ಅಂಗಡಿ, ಬೋರ್ಡು, ತಬಲ, ಬೀದಿ. ನಾಮಪದದ ಶಾಟ್ ಒಂದು ಸಲ ತೋರಿಸಿದರೆ ಮುಗಿಯಿತು. ಕ್ರಿಯಾಪದದ ಶಾಟ್‌ಗೆ ಶುರು, ಮಧ್ಯ, ಕೊನೆ ಇರುತ್ತದೆ, ಅದರಲ್ಲಿ ಮೂರು ಕಟ್ ಒಟ್ಟಿಗೆ ಅಡಗಿಸಬಹುದು.

ಆಮೇಲೆ ಆ ಪಟ್ಟಿಯನ್ನು ಮೂರು ಪಾಲು ಮಾಡಿ. ಶೂಟ್ ದಿನ ತಾನಾಗಿ ನಡೆಯುವ ಕೆಲಸ, ಆ ದಿನ ನಡೆಯದ ಕೆಲಸ, ಎಂದೋ ನಡೆದುಹೋದದ್ದು.

ಎರಡನೆಯದು ನಮ್ಮನ್ನು ಮೊದಲ ಸಲ ಹೊಡೆದು ಹಾಕಿತ್ತು. ಮೃದಂಗದ ಬಲಗಡೆ ಮುಖದ ನಡುವೆ ಕಪ್ಪಗೆ ದುಂಡಗೆ ಇರುತ್ತದಲ್ಲ, ಅದೇ ಕರಣೆ. ಕಪ್ಪು ಕಲ್ಲಿನ ಪುಡಿಯನ್ನು ಅನ್ನದ ಜೊತೆ ಅರೆದು, ಪದರ ಪದರವಾಗಿ ಹಚ್ಚಿ, ಪ್ರತಿ ಪದರವನ್ನೂ ನುಣುಪಾದ ಕಲ್ಲಿನಿಂದ ಉಜ್ಜುತ್ತಾರೆ. ಒಂದು ಬೆಳಿಗ್ಗೆಯಲ್ಲಿ ಹಳೆಯದನ್ನು ಕೆರೆಯುವುದರಿಂದ ಹಿಡಿದು ಶ್ರುತಿ ಮಾಡುವ ತನಕ ಎಲ್ಲವೂ ಒಂದೇ ಮೃದಂಗದಲ್ಲಿ ಸಿಗುವುದೇ ಇಲ್ಲ. ಹಾಗಾಗಿ ಎರಡನೇ ಸಲ ಮೊದಲೇ ಕೇಳಿಕೊಂಡೆ: “ಯಜಮಾನ್ರೇ, ಗುರುವಾರದ ಹೊತ್ತಿಗೆ ಕೆರೆಯೋದೊಂದು, ಅರ್ಧ ಕರಣೆ ಹಾಕಿರೋದೊಂದು, ಶ್ರುತಿ ಮಾಡೋದೊಂದು, ಮೂರು ಮೃದಂಗ ಇಟ್ಕೊಂಡಿರ್ತೀರಾ?” ಅಡುಗೆ ತೋರಿಸುವವರು ಬೆಂದ ಪಾತ್ರೆಯನ್ನು ಮೊದಲೇ ಸಿದ್ಧ ಇಟ್ಟುಕೊಳ್ಳುತ್ತಾರಲ್ಲ, ಹಾಗೆಯೇ. ಒಂದೇ ಬಣ್ಣದ ಮರದವು ಸಿಕ್ಕರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ತೆರೆ ಮೇಲೆ ಬೇರೆ ಬೇರೆ ವಾದ್ಯ ಅಂತ ಗೊತ್ತಾಗಿಬಿಡುತ್ತದೆ.

ಮೂರನೆಯದು, ಎಂದೋ ನಡೆದದ್ದು. ಅವರ ತಂದೆಯಿಂದ ಕೆಲಸ ಕಲಿತ ಕಥೆಗೆ ಏನು ತೋರಿಸುವುದು? ಹಳೆಯ ಫೋಟೊ ಸ್ಕ್ಯಾನ್ ಮಾಡಿ ತೆರೆ ತುಂಬ ಹಾಕಬಹುದು, ನನಗೆ ಅದು ಅಷ್ಟು ಇಷ್ಟವಿಲ್ಲ. ಆ ಫೋಟೊ ಅಂಗಡಿಯ ಗೋಡೆ ಮೇಲೆ ಇರುವಂತೆಯೇ ತೆಗೆದೆವು, ಆಮೇಲೆ ಯಜಮಾನರು ಅದರ ಧೂಳು ಒರೆಸುವುದನ್ನು ತೆಗೆದೆವು, ಅಪ್ಪ ಬಳಸುತ್ತಿದ್ದ ಉಜ್ಜುಗಲ್ಲು ಈಗಲೂ ಅವರ ಕೈಯಲ್ಲಿರುವುದನ್ನು ತೆಗೆದೆವು. ಹಳೆ ಕಥೆಗೆ ಇವತ್ತಿನ ಶಾಟ್ ಸಿಕ್ಕ ಹಾಗಾಯಿತು.

ಮಾತು ಮೊದಲು, ಮುಚ್ಚುವ ಶಾಟ್ ಆಮೇಲೆ

ಬಳೇಪೇಟೆಯಲ್ಲಿ ಹತ್ತು ಗಂಟೆಯ ಮೇಲೆ ಹಾರ್ನ್ ಇಲ್ಲದ ಹತ್ತು ಸೆಕೆಂಡು ಸಿಕ್ಕರೆ ನಿಮ್ಮ ಪುಣ್ಯ. ಅದಕ್ಕೆ ಮಾತನ್ನು ಬೆಳಿಗ್ಗೆ ಎಂಟೂವರೆಗೆ ಇಟ್ಟುಕೊಂಡೆವು, ಅಕ್ಕಪಕ್ಕದ ಷಟರ್ ಎತ್ತುವ ಮುಂಚೆ. ಹತ್ತರ ನಂತರ ಕೆಲಸದ ಶಾಟ್‌ಗಳು, ಅವಕ್ಕೆ ಬೀದಿಯ ಸದ್ದು ಅಡ್ಡಿಯಾಗುವುದಿಲ್ಲ, ಅಂಗಡಿಯೂ ಆಗಲೇ ಅಂಗಡಿಯ ಹಾಗೆ ಕಾಣುವುದು. ಆದರೆ ಈ ಕ್ರಮಕ್ಕೆ ಮುಖ್ಯ ಕಾರಣ ಸದ್ದಲ್ಲ. ಅವರು ಏನು ಹೇಳಿದರು ಅಂತ ಗೊತ್ತಾದ ಮೇಲೆ ತೆಗೆದ ಶಾಟ್‌ಗೂ, ಏನು ಹೇಳಬಹುದು ಅಂತ ಊಹಿಸಿ ತೆಗೆದ ಶಾಟ್‌ಗೂ ಅಜಗಜಾಂತರ. ಯಜಮಾನರು ಮಾತಿನ ನಡುವೆ “ಕಿವಿ ಇಟ್ಟು ಕೇಳಿದ್ರೆ ಸಾಲದು, ಬೆರಳಲ್ಲಿ ಕೇಳ್ಬೇಕು” ಅಂದರು. ಇದು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಗೆಳೆಯ ನೋಟ್‌ಬುಕ್ಕಿನಲ್ಲಿ ಸಮಯದ ಜೊತೆ ಬರೆದುಕೊಂಡ: “14:20, ಬೆರಳಲ್ಲಿ ಕೇಳುವುದು, ಬೆರಳ ತುದಿ ಕ್ಲೋಸ್ ಅಪ್.” ಆ ಶಾಟೇ ಕೊನೆಗೆ ವಿಡಿಯೊದ ಮೊದಲ ಶಾಟ್ ಆಯಿತು.

ಅಂದರೆ ಮಾತಾಡಿಸುವವರು ಒಬ್ಬರು, ಬರೆದುಕೊಳ್ಳುವವರು ಒಬ್ಬರು ಬೇಕು. ಒಬ್ಬರೇ ಹೋಗಿದ್ದರೆ ಮಾತು ಮುಗಿದ ತಕ್ಷಣ ಯಜಮಾನರನ್ನು ಟೀಗೆ ಕಳಿಸಿ, ಐದು ನಿಮಿಷ ಕೂತು ನೆನಪಿದ್ದಷ್ಟು ಬರೆದುಕೊಳ್ಳಿ.

ಮಾತಿನ ಸಮಯದಲ್ಲೇ ಕಟ್‌ಗಳನ್ನು ಕಡಿಮೆ ಮಾಡುವ ಒಂದೆರಡು ಕೆಲಸ ಇವೆ. ಒಂದು, ಪ್ರಶ್ನೆಯಿಂದ ಪ್ರಶ್ನೆಗೆ ಫ್ರೇಮ್ ಬದಲಿಸಿ. ಒಂದು ಪ್ರಶ್ನೆಗೆ ಸೊಂಟದ ತನಕ, ಮುಂದಿನದಕ್ಕೆ ಎದೆಯ ತನಕ. ಉತ್ತರ ನಡೆಯುತ್ತಿರುವಾಗ ಮಾತ್ರ ಜೂಮ್ ಮುಟ್ಟಬಾರದು, ಆ ಭಾಗ ಎರಡಕ್ಕೂ ಬಾರದೆ ಹೋಗುತ್ತದೆ. ಇನ್ನೊಂದು, 4ಕೆಯಲ್ಲಿ ತೆಗೆದು ವಿಡಿಯೊವನ್ನು 1080ರಲ್ಲಿ ಮಾಡುವುದಾದರೆ ಎಡಿಟ್‌ನಲ್ಲಿ ಮುಖವನ್ನು ಎರಡರಷ್ಟು ದೊಡ್ಡದು ಮಾಡುವ ತನಕ ಪಿಕ್ಸೆಲ್ ಕೊರತೆ ಬರುವುದಿಲ್ಲ. ನಾನು 130, 140 ಪರ್ಸೆಂಟ್‌ಗೆ ನಿಲ್ಲಿಸುತ್ತೇನೆ. 110 ಮಾಡಿದರೆ ಅದು ಬೇರೆ ಶಾಟ್ ಅಂತ ಅನಿಸುವುದೇ ಇಲ್ಲ, ಕ್ಯಾಮೆರಾ ಯಾರದೋ ಕಾಲಿಗೆ ತಗುಲಿತೇನೋ ಅನಿಸುತ್ತದೆ. ಮೇಲೆ ಹೇಳಿದ ಏಳು ಕಟ್ ಹೀಗೆ ಮುಚ್ಚಿಹೋದದ್ದು. ಆದರೆ ಒಂದರ ಹಿಂದೆ ಒಂದು ಮೂರು ಕಡೆ ಹೀಗೆ ಒಳಗೆ ಹೊರಗೆ ಮಾಡಿದರೆ ಯೊಯೊ ಆಡಿಸಿದ ಹಾಗಾಗುತ್ತದೆ, ಅಲ್ಲಿ ಬಿ-ರೋಲೇ ಬೇಕು.

ಅವರನ್ನು ಕುರ್ಚಿಯಿಂದ ಏಳಿಸುವ ಮುಂಚೆ ಇನ್ನೊಂದು ಐದು ನಿಮಿಷ ತೆಗೆದುಕೊಳ್ಳಿ. ಎಲ್ಲರೂ ಸುಮ್ಮನಿದ್ದು ಒಂದು ನಿಮಿಷ ಆ ಕೋಣೆಯ ಮೌನ ರೆಕಾರ್ಡ್ ಮಾಡಿ. ಮಾತಿನ ತುಂಡುಗಳ ನಡುವೆ ಬರೀ ಖಾಲಿ ಬಿಟ್ಟರೆ ಸದ್ದು ಗುಳಿ ಬಿದ್ದ ಹಾಗೆ ಕೇಳುತ್ತದೆ, ಅಲ್ಲಿ ತುಂಬಲು ಈ ಮೌನ ಬೇಕು. ಆಮೇಲೆ ಅದೇ ಕುರ್ಚಿ, ಅದೇ ಬೆಳಕಿನಲ್ಲಿ ಅವರ ಕೈಗಳ ಕ್ಲೋಸ್ ಅಪ್, ಪಕ್ಕದಿಂದ ಮುಖ, ನೀವು ಏನೋ ಹೇಳುತ್ತಿರುವಾಗ ಅವರು ಕೇಳಿಸಿಕೊಳ್ಳುವುದು. ಈ ಕೈಗಳ ಶಾಟ್ ಆಪತ್ಕಾಲದ ಬಂಧು. ಬೇರೆ ಯಾವ ಶಾಟೂ ಹೊಂದದ ಕಡೆ ಇದು ಹೊಂದುತ್ತದೆ. ಆರು ನಿಮಿಷಕ್ಕೆ ಎರಡು ಸಲಕ್ಕಿಂತ ಜಾಸ್ತಿ ಬಳಸಿದರೆ ಮಾತ್ರ ಗುಟ್ಟು ರಟ್ಟಾಗುತ್ತದೆ.

ಒಂದು ಕೆಲಸಕ್ಕೆ ಐದು ಶಾಟ್

ಈಗ ಮುಚ್ಚುವ ಶಾಟ್‌ಗಳು. ಬಿಡಿ ಶಾಟ್ ತೆಗೆಯಬೇಡಿ, ಒಂದೊಂದು ಕ್ರಿಯಾಪದಕ್ಕೆ ಐದರ ಒಂದು ಕಟ್ಟು ತೆಗೆಯಿರಿ. ಉಜ್ಜುವುದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಇದ್ದದ್ದು ಹೀಗೆ:

ಕೈ ಮತ್ತು ಕಲ್ಲು, ತೀರಾ ಹತ್ತಿರ.
ಉಜ್ಜುವಾಗ ಅವರ ಮುಖ, ಬಾಯಿ ಮುಚ್ಚಿರಬೇಕು.
ಭುಜದ ಹಿಂದಿನಿಂದ, ಅವರು ಏನು ನೋಡುತ್ತಿದ್ದಾರೋ ಅದು.
ಬಾಗಿಲಿನಿಂದ ವೈಡ್, ಇಡೀ ಅಂಗಡಿ, ಮಧ್ಯೆ ಅವರು.
ಕಾಲ ಬಳಿ ಬಿದ್ದ ಕರಿ ಪುಡಿ, ಹಿಂದೆ ಕೈ ಆಡುವುದು ಮಸುಕಾಗಿ.

ಮೊದಲ ನಾಲ್ಕು ಯಾವ ಕೆಲಸಕ್ಕೂ ಬರುತ್ತವೆ. ಐದನೆಯದು ಅಲ್ಲೇ ನಿಂತು ನೋಡಿದಾಗ ಹೊಳೆಯಬೇಕು. ಐದೂ ಬೇರೆ ಬೇರೆ ದಿಕ್ಕು, ಬೇರೆ ಬೇರೆ ಅಳತೆ. ಹಾಗಾಗಿ ಯಾವುದರ ಪಕ್ಕ ಯಾವುದನ್ನು ಇಟ್ಟರೂ ಒಪ್ಪುತ್ತದೆ. ಮುಚ್ಚೋಕೆ ಅಂತ ತಂದ ಶಾಟ್‌ಗಳ ನಡುವೆಯೇ ಜಂಪ್ ಕಟ್ ಬಂದುಬಿಟ್ಟರೆ ಏನು ಗತಿ ಹೇಳಿ? ನನಗೆ ಮೊದಲ ಸಲ ಆಗಿದ್ದು ಅದೇ, ಮೂರೂ ತಬಲ ಶಾಟ್ ಒಂದೇ ಎತ್ತರದಿಂದ ತೆಗೆದಿದ್ದೆ. ಕ್ಯಾಮೆರಾ ಕೋನ ಕಡಿಮೆಯೆಂದರೂ 30 ಡಿಗ್ರಿ ಬದಲಾಗಲಿ ಅಂತ ಹಳಬರು ಹೇಳುವುದು ಇದಕ್ಕೇ. ಡಿಗ್ರಿ ಅಳೆಯುತ್ತ ಕೂರಬೇಡಿ, ಎರಡು ಹೆಜ್ಜೆ ಪಕ್ಕಕ್ಕೆ ಹೋಗಿ, ಮುಖದ ಅಳತೆಯನ್ನೂ ಬದಲಿಸಿ, ಸಾಕು.

ಪ್ರತಿ ಶಾಟ್ ಹತ್ತು ಸೆಕೆಂಡು ಅಲುಗಾಡದೆ ನಿಲ್ಲಬೇಕು. ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ, ಯಾಕೆಂದರೆ ಶೂಟ್‌ನ ಗಡಿಬಿಡಿಯಲ್ಲಿ ನಾಲ್ಕು ಸೆಕೆಂಡೇ ಹತ್ತರ ಹಾಗೆ ಅನಿಸುತ್ತದೆ. ಕ್ಯಾಮೆರಾ ತಿರುಗಿಸಲೇಬೇಕು ಅನಿಸಿದರೆ ಶುರುವಿನಲ್ಲಿ ಐದು, ಕೊನೆಯಲ್ಲಿ ಐದು ಸೆಕೆಂಡು ನಿಲ್ಲಿಸಿ. ತಿರುಗುತ್ತಲೇ ಇರುವ ಶಾಟ್‌ನ ಮಧ್ಯದಿಂದ ಮುಖಕ್ಕೆ ಕಟ್ ಮಾಡಿದರೆ ತಲೆ ಸುತ್ತಿದ ಹಾಗಾಗುತ್ತದೆ, ಅರ್ಧಕ್ಕರ್ಧ ಶಾಟ್ ಅಲ್ಲೇ ಕೆಟ್ಟಿರುತ್ತವೆ.

ತುಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮುಚ್ಚುವ ಶಾಟ್‌ನಲ್ಲಿ ಅವರು ಏನೋ ಮಾತಾಡುತ್ತಿದ್ದು, ಹಿಂದೆ ಅವರದೇ ಧ್ವನಿ ಬೇರೆ ಏನೋ ಹೇಳುತ್ತಿದ್ದರೆ ಡಬ್ಬಿಂಗ್ ತಪ್ಪಿದ ಸಿನಿಮಾ ಥರ ಕಾಣುತ್ತದೆ. ಕೆಲಸ ಮಾಡುವಾಗ ಹಿರಿಯರು ಸುಮ್ಮನಿರುವುದೂ ಇಲ್ಲ, ನೀವು ಕ್ಯಾಮೆರಾ ಹಿಡಿದ ಕೂಡಲೇ “ನೋಡಿ ಸಾರ್, ಇದು ಹಿಂಗೆ” ಅಂತ ವಿವರಿಸೋಕೆ ಶುರು ಮಾಡುತ್ತಾರೆ. ತಡೆಯಬೇಡಿ, ಆ ವಿವರಣೆಯೂ ಬೇಕಾಗಬಹುದು, ರೆಕಾರ್ಡ್ ಆಗಲಿ. ಅದು ಮುಗಿದ ಮೇಲೆ ಅದೇ ಕೆಲಸವನ್ನು ಇನ್ನೊಮ್ಮೆ ಮಾಡಿಸಿ. ನಾನು “ಯಜಮಾನ್ರೇ, ಈಗ ಎರಡು ನಿಮಿಷ ಮೌನವ್ರತ” ಅಂದೆ. ನಕ್ಕರು, ಆಮೇಲೆ ನಿಜಕ್ಕೂ ಕೆಲಸದಲ್ಲಿ ಮುಳುಗಿಹೋದರು. ಒಳ್ಳೆಯ ಶಾಟ್‌ಗಳೆಲ್ಲ ಬಂದದ್ದು ಆ ಎರಡು ನಿಮಿಷದಲ್ಲಿ.

ಮುಚ್ಚುವ ಶಾಟ್‌ಗೆ ಸದ್ದು ಬೇಡ ಅಂತ ಮೈಕ್ ಎತ್ತಿಡುವವರಿದ್ದಾರೆ, ಹಾಗೆ ಮಾಡಬೇಡಿ. ಕಲ್ಲು ಉಜ್ಜುವ ಗರಗರ, ಅಂಚಿಗೆ ಬೀಳುವ ಟಕ್ ಟಕ್, ಇವನ್ನು ಮಾತಿನ ಕೆಳಗೆ ಮೆಲ್ಲಗೆ ಇಟ್ಟರೆ ಶಾಟ್ ಅಂಟಿಸಿದ ಹಾಗೆ ಕಾಣುವುದಿಲ್ಲ. ಸೆಟ್ಟಿಂಗ್ ವಿಷಯಕ್ಕೆ ಒಂದೇ ಮಾತು: ಮಾತು ತೆಗೆದ ಫ್ರೇಮ್ ರೇಟ್, ವೈಟ್ ಬ್ಯಾಲೆನ್ಸ್‌ನಲ್ಲೇ ಇದನ್ನೂ ತೆಗೆಯಿರಿ, ಆಟೋ ಬಿಡಬೇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ 25 ಫ್ರೇಮ್, ಶಟರ್ 1/50 ಇಟ್ಟರೆ ಅಂಗಡಿಯ ಟ್ಯೂಬ್‌ಲೈಟ್ ತೆರೆ ಮೇಲೆ ಪಟ್ಟೆ ಪಟ್ಟೆಯಾಗಿ ಓಡುವುದಿಲ್ಲ.

ಕಾಗದದ ಮೇಲೆ ಮೊದಲ ಎಡಿಟ್

ಮನೆಗೆ ಬಂದ ಮೇಲೆ ಟೈಮ್‌ಲೈನ್ ತೆರೆಯುವ ಮುಂಚೆ ಬೇಕಾದ ಮಾತನ್ನು ಬರೆದುಕೊಳ್ಳಿ, ಎಲ್ಲಿ ಕತ್ತರಿಸುತ್ತೀರೋ ಅಲ್ಲಿ ಒಂದು ಗೆರೆ ಎಳೆಯಿರಿ. ಕರಣೆಯ ಬಗ್ಗೆ ಅವರು ಮೂರು ನಿಮಿಷ ಹೇಳಿದ್ದು ನಮ್ಮಲ್ಲಿ 24 ಸೆಕೆಂಡು ಆಯಿತು:

“ನೋಡಿ, ಮೊದ್ಲು ಆ ಹಳೇ ಕರಣೆ ಪೂರ್ತಿ ಕೆರೆದು ತೆಗೀಬೇಕು | ಆಮೇಲೆ ಹೊಸ್ದು ಒಂದೊಂದೇ ಪದರ | ಹಚ್ಚೋದು, ಉಜ್ಜೋದು, ಹಚ್ಚೋದು, ಉಜ್ಜೋದು, ಅಷ್ಟೇ ಕೆಲ್ಸ | ಎಷ್ಟು ಉಜ್ಜಬೇಕು ಅಂತ ಕೈಗೇ ಗೊತ್ತಾಗುತ್ತೆ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ, ನಾದ ಹೋಗುತ್ತೆ.”

ಕಟ್‌ಗಳು 6, 11, 17ನೇ ಸೆಕೆಂಡಿನಲ್ಲಿವೆ. ಮೊದಲ ಪ್ರಯತ್ನದಲ್ಲಿ ನಾನು ಪ್ರತಿ ಕಟ್ ಮೇಲೂ ಒಂದೂವರೆ ಸೆಕೆಂಡಿನ ಒಂದೊಂದು ಶಾಟ್ ಇಟ್ಟೆ. ಕಟ್ ಕಾಣಲಿಲ್ಲ, ನಿಜ, ಆದರೆ ತೇಪೆ ಕಂಡಿತು. ಮುಖ, ಕೈ, ಮುಖ, ಕೈ, ಮುಖ, ಕೈ. ನೋಡುವವರಿಗೆ “ಇಲ್ಲಿ ಏನೋ ಕತ್ತರಿಸಿದ್ದಾರೆ” ಅಂತ ಬೆರಳಿಟ್ಟು ತೋರಿಸಿದ ಹಾಗೆ.

ಆಮೇಲೆ ಮಾಡಿದ್ದು ಹೀಗೆ. ಮೊದಲ ನಾಲ್ಕು ಸೆಕೆಂಡು ಮುಖ. “ಕೆರೆದು” ಅನ್ನುವ ಮಾತಿಗೆ ಸರಿಯಾಗಿ ಮುಚ್ಚುವ ಶಾಟ್ ಶುರು, ಅಂದರೆ ಮೊದಲ ಕಟ್‌ಗಿಂತ ಎರಡು ಸೆಕೆಂಡು ಮುಂಚೆ. ಆ ಶಾಟ್ ವೈಡ್, ಕೆರೆಯುತ್ತಿರುವುದು ಅಂತ ಗೊತ್ತಾಗುವಷ್ಟು. ಎಂಟನೇ ಸೆಕೆಂಡಿಗೆ ಬೆರಳಲ್ಲಿ ಮುದ್ದೆ ಹಚ್ಚುವ ಕ್ಲೋಸ್ ಅಪ್, ಹನ್ನೆರಡಕ್ಕೆ ಕಲ್ಲು ಉಜ್ಜುವುದು, ಅದರದೇ ಸದ್ದಿನ ಜೊತೆ. ಹದಿನಾರಕ್ಕೆ ಪಕ್ಕದಿಂದ ಬಾಗಿದ ಮುಖ. ಇಪ್ಪತ್ತನೇ ಸೆಕೆಂಡಿಗೆ, “ಅವಸರ ಮಾಡಿದ್ರೆ” ಅನ್ನುವ ಹೊಸ ವಾಕ್ಯ ಶುರುವಾಗುವಾಗ, ಕುರ್ಚಿಯಲ್ಲಿ ಕೂತ ಮುಖಕ್ಕೆ ವಾಪಸ್. ಕೊನೆಯ ಕಟ್ ಹೋಗಿ ಆಗಲೇ ಮೂರು ಸೆಕೆಂಡು ಆಗಿರುತ್ತದೆ. ನಾಲ್ಕು ಶಾಟ್, ಹದಿನಾರು ಸೆಕೆಂಡು, ಮೂರು ಕಟ್ ಒಳಗೇ ಕರಗಿಹೋದವು. ನೋಡುವವರಿಗೆ ಅನಿಸುವುದು ಕೆಲಸ ತೋರಿಸಿದರು ಅಂತ ಮಾತ್ರ.

ಹಾಗಾಗಿ ಶಾಟ್ ಶುರುವಾಗುವ ಜಾಗವನ್ನು ಕಟ್ ನೋಡಿ ಹುಡುಕಬೇಡಿ, ಮಾತು ನೋಡಿ ಹುಡುಕಿ. ಹೊಸ ಕೆಲಸದ ಹೆಸರು ಬಂದ ಕಡೆ ಒಳಗೆ ಹೋಗಿ, ಹೊಸ ವಾಕ್ಯ ಶುರುವಾದ ಕಡೆ ಮುಖಕ್ಕೆ ಬನ್ನಿ, ಎರಡೂ ಕಡೆ ಕಟ್‌ನಿಂದ ಕಡಿಮೆಯೆಂದರೆ ಒಂದು ಸೆಕೆಂಡು ದೂರ ಇರಲಿ. ಕಟ್ ಇಲ್ಲದ ಕಡೆಯೂ ಒಂದೆರಡು ಸಲ ಕೆಲಸ ತೋರಿಸಿ. ಬರೀ ಕತ್ತರಿಸಿದ ಕಡೆಯೇ ಕೆಲಸ ಬರುತ್ತಿದ್ದರೆ ಎರಡನೇ ನಿಮಿಷದ ಹೊತ್ತಿಗೆ ಜನಕ್ಕೆ ಲೆಕ್ಕ ಸಿಕ್ಕಿಬಿಡುತ್ತದೆ. ಇನ್ನು, ಕಲ್ಲು ಅಂದಾಗ ಕಲ್ಲು, ಅಪ್ಪ ಅಂದಾಗ ಅಪ್ಪನ ಫೋಟೊ, ಕೈ ಅಂದಾಗ ಕೈ ಅಂತ ಪದಕ್ಕೊಂದು ಚಿತ್ರ ಇಡಬೇಡಿ, ಒಂದನೇ ಕ್ಲಾಸಿನ ಚಾರ್ಟ್ ಆಗುತ್ತದೆ.

ಮುಚ್ಚಿದರೂ ಉಳಿಯುವ ತೊಂದರೆ

ಚಿತ್ರದಿಂದ ಮುಚ್ಚಬಹುದಾದ್ದು ಚಿತ್ರವನ್ನು ಮಾತ್ರ. ಎರಡು ತುಂಡು ಮಾತು ಸೇರಿಸಿದ ಕಡೆ ಧ್ವನಿಯ ಏರಿಳಿತ ಹೊಂದದಿದ್ದರೆ, ಉಸಿರು ಅರ್ಧಕ್ಕೆ ನಿಂತಿದ್ದರೆ, ಎಷ್ಟು ಚಂದದ ಶಾಟ್ ಇಟ್ಟರೂ ಕಿವಿಗೆ ಕಟ್ ಕೇಳುತ್ತದೆ. ಅದಕ್ಕೆ ಬಿ-ರೋಲ್ ಹಾಕುವ ಮುಂಚೆ ಕಣ್ಣು ಮುಚ್ಚಿ ಒಂದು ಸಲ ಪೂರ್ತಿ ಕೇಳಿ. ಎಡವಿದ ಕಡೆ ಕಟ್ ಜಾಗವನ್ನು ಒಂದು ಪದ ಹಿಂದೆ ಮುಂದೆ ಮಾಡಿ, ಇಲ್ಲವೇ ಆ ಕೋಣೆಯ ಮೌನದ ಅರ್ಧ ಸೆಕೆಂಡು ತುಂಬಿ. ಎಲ್ಲ ಹಾಕಿದ ಮೇಲೆ ಸದ್ದು ತೆಗೆದು ಇನ್ನೊಂದು ಸಲ ನೋಡಿ. ಎಲ್ಲಾದರೂ “ಇದ್ಯಾಕೆ ಇಲ್ಲಿ ಬಂತು” ಅನಿಸಿದರೆ ಆ ಶಾಟ್ ತೇಪೆ ಅಂತಲೇ ಅರ್ಥ.

ಮುಚ್ಚಿದ ಕಟ್‌ಗೆ ಇನ್ನೊಂದು ಅಪಾಯ ಇದೆ. ಕಾಣದ ಕಾರಣ ಮಾತಿನ ಅರ್ಥವೇ ಬದಲಾದರೂ ನೋಡುವವರಿಗೆ ಗೊತ್ತಾಗುವುದಿಲ್ಲ. ಯಜಮಾನರು ಒಂದು ಕಡೆ “ಈಗ ಹುಡುಗ್ರು ಈ ಕೆಲ್ಸಕ್ಕೆ ಬರೋದಿಲ್ಲ, ಬಂದ್ರೂ ನಾನು ಸಂಬಳ ಎಲ್ಲಿಂದ ಕೊಡ್ಲಿ” ಅಂದಿದ್ದರು. ಎರಡನೇ ಅರ್ಧ ಗೊಣಗಿದ ಹಾಗಿತ್ತು ಅಂತ ತೆಗೆದುಬಿಟ್ಟಿದ್ದೆ. ಉಳಿದದ್ದು ಹುಡುಗರ ಮೇಲಿನ ದೂರು ಮಾತ್ರ. ಗೆಳೆಯ ನೋಡಿ ಬೈದ ಮೇಲೆ ವಾಪಸ್ ಹಾಕಿದೆ. ಅಪ್ಪನ ಕಥೆಯ ಕಡೆ ಇದ್ದ ಒಂದೇ ಒಂದು ಕಟ್ ಅನ್ನು ಮುಚ್ಚಲೇ ಇಲ್ಲ, ಅಲ್ಲಿ ಅವರ ಮುಖ ಬಿಟ್ಟು ಬೇರೇನೂ ತೋರಿಸಬಾರದು ಅನಿಸಿತು. ತಲೆ ಒಂಚೂರು ಹಾರುತ್ತದೆ. ಹಾರಲಿ ಬಿಡಿ.

ಕೊನೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ ಅಂಗಡಿಯಲ್ಲೇ ತೋರಿಸಿದೆ. 26 ಕಟ್‌ಗಳಲ್ಲಿ ಒಂದನ್ನೂ ಅವರು ಗುರುತಿಸಲಿಲ್ಲ. ಆದರೆ ನಾಲ್ಕನೇ ನಿಮಿಷದಲ್ಲಿ ಕೈ ಅಡ್ಡ ಹಿಡಿದು ನಿಲ್ಲಿಸಿದರು: “ಸಾರ್, ಇಲ್ಲಿ ನಾನು ಮಾತಾಡ್ತಿರೋದು ಬಲಗಡೆ ವಿಷ್ಯ, ನೀವು ತೋರಿಸ್ತಿರೋದು ಎಡಗಡೆ. ಎಡಗಡೆ ಕರಣೆ ಎಲ್ಲಿರುತ್ತೆ? ವಿದ್ವಾಂಸರು ನೋಡಿದ್ರೆ ನಗ್ತಾರೆ.” 70 ಶಾಟ್ ತೆಗೆದಿದ್ದಕ್ಕೆ ಬದಲಿ ಇತ್ತು. ಅವತ್ತು ರಾತ್ರಿಯೇ ಬದಲಾಯಿಸಿದೆ.